ಹದಿನಾಲ್ಕನೇ ಸ್ಲೈಡಿನ ಹಸಿರು ಗುಂಡಿ

ಅತ್ತಿಗೆಯ ಕಚೇರಿ ಅಂದರೆ ಮಲಗುವ ಕೋಣೆಯ ಗೋಡೆ ಕಪಾಟು. ನೇತುಹಾಕಿದ ಕೋಟು, ಕಂಬಳಿಗಳ ನಡುವೆ ಒಂದು ಸ್ಟೂಲು, ಒಂದು ಮೈಕು, ಮಡಿಲಲ್ಲಿ ಲ್ಯಾಪ್‌ಟಾಪು. ಸುತ್ತ ಬಟ್ಟೆ ಇದ್ದರೆ ಧ್ವನಿ ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಅವಳು ಒಳಗೆ ಕೂತು ಬಾಗಿಲು ಎಳೆದುಕೊಂಡಳೆಂದರೆ ಮನೆಯಲ್ಲಿ ಫ್ಯಾನು ತಿರುಗಬಾರದು, ನಲ್ಲಿ ಸುರಿಯಬಾರದು, ಕೆಮ್ಮು ಬಂದವರು ಬೀದಿಗೆ ಹೋಗಿ ಕೆಮ್ಮಿ ಬರಬೇಕು. ಗಂಡ ಈ ಕಾನೂನಿಗೆ ಒಗ್ಗಿಹೋಗಿದ್ದ. ಒಗ್ಗದವಳು ನಾದಿನಿ ಒಬ್ಬಳೇ.

“ನಮ್ಮತ್ತಿಗೆ ಕಪಾಟಲ್ಲಿ ಕೂತು ಕೋಟುಗಳಿಗೆ ಪಾಠ ಹೇಳ್ತಾರೆ,” ಎಂದು ಅವಳು ಮನೆಗೆ ಬಂದವರಿಗೆಲ್ಲ ಡಂಗುರ ಸಾರುತ್ತಿದ್ದಳು.

ಪಾಠ ಹೇಳುವುದು ನಿಜ, ಕೋಟುಗಳಿಗಲ್ಲ. ಕಂಪ್ಯೂಟರಿನಲ್ಲಿ ಕಲಿಯುವ ಪಾಠಗಳಿಗೆ ಅತ್ತಿಗೆ ಧ್ವನಿ ಕೊಡುತ್ತಿದ್ದಳು. ಪ್ರತಿ ಸ್ಲೈಡಿಗೆ ಒಂದು ಧ್ವನಿ ಫೈಲು. “ಇಲ್ಲಿ ನೋಡಿ” ಎಂದಾಗ ಬಾಣ ಬರಬೇಕು, “ಈಗ ಒತ್ತಿ” ಎಂದಾಗ ಗುಂಡಿ ಮಿನುಗಬೇಕು, ಆಮೇಲೆ ಕಲಿಯುವವನು ಒತ್ತುವವರೆಗೆ ಧ್ವನಿ ಬಾಯಿ ಮುಚ್ಚಿಕೊಂಡು ಕಾಯಬೇಕು. ಉತ್ತರ ಸರಿಯಾದರೆ ಒಂದು ಮಾತು, ತಪ್ಪಾದರೆ ಇನ್ನೊಂದು. ಮಾತನ್ನೂ ಚಿತ್ರವನ್ನೂ ಜೋಡಿಸುವವನು ಸ್ಟುಡಿಯೋದ ಸೆಕೆಂಡಪ್ಪ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದ್ದೀತು. ಮದುವೆಗೆ ಕರೆದರೂ “ಎಷ್ಟು ಸೆಕೆಂಡಿನ ಊಟ” ಎಂದು ಕೇಳುವ ಆಸಾಮಿಯಾದ್ದರಿಂದ ಈ ಹೆಸರೇ ಉಳಿಯಿತು.

ನಾದಿನಿ ದೊಡ್ಡಾಸ್ಪತ್ರೆಯ ಲಾಂಡ್ರಿಯಲ್ಲಿ ಎಂಟು ವರ್ಷದಿಂದ ಹಾಸಿಗೆ ಬಟ್ಟೆ ಮಡಚುತ್ತಿದ್ದಳು. ನಿಂತು ನಿಂತು ಸೊಂಟ ಹೋಗಿತ್ತು. ತೊಳೆಯುವ ಯಂತ್ರಗಳ ಕಡೆ ದಾಟಬೇಕೆಂಬುದು ಅವಳ ಒಂದೇ ಆಸೆ. ಅದಕ್ಕೆ ಈಗ ಕಂಪ್ಯೂಟರ್ ಪರೀಕ್ಷೆ ಇಟ್ಟಿದ್ದರು. ಮೂರು ಅವಕಾಶ, ಮೂರನೆಯದೂ ಹೋದರೆ ಇನ್ನೆರಡು ವರ್ಷ ಮಡಚುವ ಮೇಜೇ ಗತಿ. ಓದಲು ಬಾರದವರೂ ಇದ್ದುದರಿಂದ ತೆರೆಯ ಮೇಲೆ ಅಕ್ಷರವಿಲ್ಲ, ಎಲ್ಲವೂ ಮಾತಿನಲ್ಲೇ. ಆ ಮಾತು ಅತ್ತಿಗೆಯದು.

“ನನ್ನ ಪಾಠ ಕೇಳಿದವರು ಫೇಲಾಗೋ ಮಾತೇ ಇಲ್ಲ,” ಎಂದಿದ್ದಳು ಅತ್ತಿಗೆ. ದೊಡ್ಡ ಮಾತು ಆಡುವಾಗ ಸ್ವಲ್ಪ ಆಚೆ ಈಚೆ ನೋಡಬೇಕು.

ಮೊದಲ ಸಲ ನಾದಿನಿ ಫೇಲಾದಳು. ವಾರ ಬಿಟ್ಟು ಎರಡನೇ ಸಲವೂ ಫೇಲಾದಳು. ಅವಳೊಬ್ಬಳೇ ಅಲ್ಲ, ಪರೀಕ್ಷೆಗೆ ಕೂತ ಹದಿನಾಲ್ಕು ಜನರಲ್ಲಿ ಹನ್ನೊಂದು ಮಂದಿ ಮಗುಚಿಕೊಂಡಿದ್ದರು. ಪಾಸಾದ ಮೂವರಲ್ಲಿ ಒಬ್ಬಳು ಕೂತಲ್ಲೇ ತೂಕಡಿಸುವವಳು, ಒಬ್ಬನಿಗೆ ಮೌಸ್ ಹಿಡಿಯಲು ಕೈ ನಡುಗುತ್ತಿತ್ತು, ಇನ್ನೊಬ್ಬ ಯಾವ ಕೆಲಸವನ್ನೂ ನಾಳೆಗೆ ತಳ್ಳುವ ಪೈಕಿ.

“ಹದಿನಾಲ್ಕನೇ ಸ್ಲೈಡಲ್ಲೇ ಹೋಗೋದು ಅತ್ತಿಗೆ,” ಎಂದಳು ನಾದಿನಿ ತಟ್ಟೆಯ ಮುಂದೆ ಕೂತು. “ಹಸಿರು ಗುಂಡಿ. ಅದು ತಪ್ಪಾದ್ರೆ ಉಳಿದದ್ದೆಲ್ಲ ಸರಿ ಇದ್ರೂ ಫೇಲಂತೆ. ಯಾಕೆ ತಪ್ಪು ಅಂತ ಹೇಳೋರಿಲ್ಲ. ನೀವು ಮಾತ್ರ ಜೇನು ಸುರಿದ ಹಾಗೆ ‘ಅದು ಸರಿಯಲ್ಲ, ಇನ್ನೊಮ್ಮೆ ಪ್ರಯತ್ನಿಸಿ’ ಅಂತೀರಿ. ಮನೇಲಿ ಒಂದು ದಿನಾನಾದ್ರೂ ಅಷ್ಟು ಸವಿಯಾಗಿ ಮಾತಾಡಿದೀರಾ?”

ಗಂಡ ನಕ್ಕ. ಅತ್ತಿಗೆ ನಗಲಿಲ್ಲ. ಊಟ ಬಿಟ್ಟು ಎದ್ದಳು.

ಮರುದಿನ ಬೆಳಿಗ್ಗೆಯೇ ಸ್ಟುಡಿಯೋಗೆ ಹೋಗಿ ಹದಿನಾಲ್ಕನೇ ಸ್ಲೈಡು ಹಾಕಿಸಿದಳು. ತೆರೆಯ ಮೇಲೆ ಯಂತ್ರದ ಡ್ರಮ್ ಗಿರಗಿರ ತಿರುಗುತ್ತಿದೆ. ಪಕ್ಕದಲ್ಲಿ ಬಾಗಿಲು ತೆಗೆಯುವ ಹಸಿರು ಗುಂಡಿ. ಅವಳದೇ ಧ್ವನಿ ಗಂಭೀರವಾಗಿ ಹೇಳಿತು: “ಈಗ... ಹಸಿರು ಗುಂಡಿಯನ್ನು ಒತ್ತ...” ಗುಂಡಿ ಫಳಫಳ ಮಿನುಗಿತು. ಒಂದು ನಿಡಿದಾದ ಮೌನ. “...ಬೇಡಿ.”

ಅತ್ತಿಗೆಯ ಕಿವಿ ಬಿಸಿಯಾಯಿತು.

“ಇನ್ನೊಂದು ಸಲ ಹಾಕಿ.”

ಸೆಕೆಂಡಪ್ಪ ಇನ್ನೊಂದು ಸಲ ಹಾಕಿದ. ಮೌನ ಇನ್ನೂ ಉದ್ದವೇ ಕೇಳಿಸಿತು.

“ಇಂಗ್ಲಿಷ್ ಪಾಠದಲ್ಲಿ ಈ ಜಾಗಕ್ಕೆ ನಾಲ್ಕು ಸೆಕೆಂಡು,” ಎಂದು ಅವನು ವಿವರಿಸಿದ. “ಗುಂಡಿ ಒಂದೂವರೆ ಸೆಕೆಂಡಿಗೆ ಮಿನುಗುತ್ತೆ, ಆಗಿಂದಾನೇ ಕ್ಲಿಕ್ ಲೆಕ್ಕಕ್ಕೆ. ಒತ್ತಿದ ಕೂಡಲೇ ಮಾತು ಅಲ್ಲೇ ನಿಂತು ‘ಸರಿಯಲ್ಲ’ ಅನ್ನೋ ಫೈಲು ಬರುತ್ತೆ. ನಿಮ್ಮ ಮಾತು ಎರಡೂವರೆ ಸೆಕೆಂಡಿಗೇ ಮುಗಿದಿತ್ತು. ಸ್ವಲ್ಪ ಎಳೀರಿ ಮೇಡಂ ಅಂದೆ. ಎಳೆದ್ರಿ. ಗಾಂಭೀರ್ಯ ಬಂತು ಅಂತ ನಾನೇ ಹೊಗಳಿದ್ನಲ್ಲ.”

“ಹೊಗಳಿದ್ರಿ,” ಎಂದಳು ಅತ್ತಿಗೆ ಸಣ್ಣ ದನಿಯಲ್ಲಿ. ಆ ಹೊಗಳಿಕೆಯನ್ನು ಮನೆಯಲ್ಲಿ ಎರಡು ಸಲ ಹೇಳಿಕೊಂಡಿದ್ದಳು ಬೇರೆ.

ಇಂಗ್ಲಿಷಿನವರಿಗೆ ‘ಬೇಡ’ ಮೊದಲೇ ಬಂದುಬಿಡುತ್ತದೆ, ಗುಂಡಿ ಮಿನುಗುವ ಹೊತ್ತಿಗೆ ಕೈ ಹಿಂದಕ್ಕೆ ಹೋಗಿರುತ್ತದೆ. ನಮ್ಮ ಮಾತಿನಲ್ಲಿ ‘ಬೇಡ’ ಇರುವುದು ಬಾಲದಲ್ಲಿ. ಹಿಂದಿನ ಹದಿಮೂರು ಸ್ಲೈಡಿನಲ್ಲೂ “ಈಗ ನೀಲಿ ಗುಂಡಿಯನ್ನು ಒತ್ತಿ, ಈಗ ಕೆಂಪು ಗುಂಡಿಯನ್ನು ಒತ್ತಿ” ಎಂದು ಇದೇ ಧ್ವನಿ ಕೈ ಪಳಗಿಸಿಟ್ಟಿದೆ. ಬಾಲ ಬರುವವರೆಗೆ ಕಾಯುವವರು ಯಾರು? ತೂಕಡಿಸುವವರು, ಕೈ ನಡುಗುವವರು, ಸೋಮಾರಿಗಳು. ಚುರುಕಿನವರೆಲ್ಲ ಬಾಯಿಗೆ ಮಣ್ಣು ಹಾಕಿಕೊಂಡರು. ಅವರ ಬಾಯಿಗೆ ಮಣ್ಣು ಹಾಕಿದವಳು ತಾನೇ ಎಂಬುದು ಅತ್ತಿಗೆಗೆ ಗೊತ್ತಾಗಿಹೋಯಿತು.

“ಸದ್ದಿಲ್ಲದೆ ಬದಲಾಯಿಸಿಬಿಡಿ,” ಎಂದಳು.

“ಆಗಲ್ಲ ಮೇಡಂ. ಆಸ್ಪತ್ರೆಯ ತರಬೇತಿ ಅಧಿಕಾರಿಗಳು ಸಹಿ ಹಾಕಿದ ಮೇಲೆ ಅವರ ಒಪ್ಪಿಗೆ ಇಲ್ಲದೆ ಅರ್ಧ ಸೆಕೆಂಡೂ ಮುಟ್ಟೋ ಹಾಗಿಲ್ಲ.”

ತರಬೇತಿ ಅಧಿಕಾರಿ ಫೋನಿನಲ್ಲೇ ಕೈ ಕೊಡವಿದರು. ಪಾಠ ಸರಿಯಿದೆ, ಇಂಗ್ಲಿಷಿನದನ್ನು ತಾವೇ ನೋಡಿ ಒಪ್ಪಿದ್ದು, ಮೂವರು ಪಾಸಾಗಿದ್ದೇ ಸಾಕ್ಷಿ, ಉಳಿದವರಿಗೆ ಗಮನ ಸಾಲದು. ಕಡೆಯ ಪರೀಕ್ಷೆ ಗುರುವಾರ.

ಇಲ್ಲಿ ಅತ್ತಿಗೆ ನೇರವಾಗಿ “ಸರ್, ತಪ್ಪು ನನ್ನದು” ಎನ್ನಬಹುದಿತ್ತು. ಅನ್ನಲಿಲ್ಲ. ಹೆಸರಿನ ಮೇಲಿನ ಆಸೆ ಯಾರಿಗಿಲ್ಲ? ಅದರ ಬದಲು ತನ್ನ ಜೇನಿನ ದನಿ ತೆಗೆದಳು.

“ನೀವು ಹೇಳೋದೇ ಸರಿ ಸರ್. ಗಮನ ಅಂದ್ರೆ ಏನು ಅಂತ ಅವರು ಕಣ್ಣಾರೆ ನೋಡ್ಬೇಕು. ಗುರುವಾರ ಮೊದಲು ನೀವೇ ಒಮ್ಮೆ ಪರೀಕ್ಷೆ ಕೊಟ್ಟು ತೋರಿಸಿಬಿಡಿ. ನಾವೂ ಬಂದು ಕಲೀತೀವಿ.”

ಅಧಿಕಾರಿ ಉಬ್ಬಿಹೋದರು.

ಗುರುವಾರ ತರಬೇತಿ ಕೋಣೆಯಲ್ಲಿ ಜನ ತುಂಬಿದ್ದರು. ಗೋಡೆಯ ದೊಡ್ಡ ತೆರೆಗೆ ಕಂಪ್ಯೂಟರ್ ಜೋಡಿಸಿದ್ದರು. ಅಧಿಕಾರಿ ಅಂಗಿಯ ತೋಳು ಮಡಚಿ, ಕುರ್ಚಿ ಎಳೆದು, ಮೌಸ್ ಹಿಡಿದರು. ಒಂದರಿಂದ ಹದಿಮೂರು ಸ್ಲೈಡು ಸರಸರ ದಾಟಿದವು. ಧ್ವನಿ “ಒತ್ತಿ” ಅಂದು ಮುಗಿಸುವ ಮುಂಚೆಯೇ ಅವರ ಬೆರಳು ಒತ್ತಿರುತ್ತಿತ್ತು. “ನೋಡಿದ್ರಾ? ಇದು ಗಮನ,” ಎಂದರು ತಿರುಗಿ.

“ಈಗ... ಹಸಿರು ಗುಂಡಿಯನ್ನು ಒತ್ತ...”

ಟಕ್.

“ಅದು ಸರಿಯಲ್ಲ. ಇನ್ನೊಮ್ಮೆ ಪ್ರಯತ್ನಿಸಿ,” ಎಂದಿತು ಜೇನು.

ತೂಕಡಿಸುವವಳು ಕೂಡ ಕಣ್ಣು ಬಿಟ್ಟಳು.

“ಮೌಸ್ ಸರಿಯಿಲ್ಲ,” ಎಂದರು ಅಧಿಕಾರಿ. ಕುಣಿಯಲಾರದವಳಿಗೆ ನೆಲ ಡೊಂಕಾದರೆ, ಇವರಿಗೆ ಮೌಸ್ ಡೊಂಕು. ಬೇರೆ ಮೌಸ್ ತರಿಸಿ ಮೊದಲಿಂದ ಶುರು ಮಾಡಿದರು, ಈ ಸಲ ಇನ್ನೂ ಚುರುಕಾಗಿ. ಇನ್ನೂ ಬೇಗ ಫೇಲಾದರು. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಸೀನಿದಂತೆ ಮಾಡಿದರು. ಅಧಿಕಾರಿಯ ಕುತ್ತಿಗೆ ಕೆಂಪಾಯಿತು.

ಮೂರನೇ ಸಲ ಕೈ ಕಟ್ಟಿ ಕೂತು ಪೂರ್ತಿ ಕೇಳಿದರು. “...ಬೇಡಿ” ಎಂಬುದು ಆ ಕೋಣೆಯಲ್ಲಿ ಬಹುತೇಕರಿಗೆ ಮೊದಲ ಬಾರಿಗೆ ಕೇಳಿಸಿತು. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು.

“ಯಾರು ಮಾತಿನ ನಡುವೆ ಉಸಿರು ಎಳೆದದ್ದು?” ಎಂದು ಅಧಿಕಾರಿ ಗುಡುಗಿದರು.

ಸೆಕೆಂಡಪ್ಪ ಚಾವಣಿ ನೋಡಿದ. ಅತ್ತಿಗೆಯ ಉಪಾಯ ಇಲ್ಲಿಯವರೆಗೆ ಹೂವೆತ್ತಿದಂತೆ ನಡೆದಿತ್ತು. ಇಲ್ಲಿಂದ ಮುಂದಕ್ಕೆ ಅವಳು ಯೋಚಿಸಿಯೇ ಇರಲಿಲ್ಲ. ಎದುರಿಗೆ ಹನ್ನೊಂದು ಮುಖಗಳು, ಅದರಲ್ಲೊಂದು ನಾದಿನಿಯದು. ಅತ್ತಿಗೆಗೆ ನಾಚಿಕೆಯಾಯಿತು.

“ನಾನು ಸರ್. ಜಾಗ ತುಂಬಿಸೋಕೆ ಎಳೆದೆ. ಕೇಳೋಕೆ ಚೆನ್ನಾಗಿರುತ್ತೆ ಅಂದುಕೊಂಡೆ. ಇವರ ತಪ್ಪಿಲ್ಲ.”

ಅಧಿಕಾರಿ ಅಲ್ಲೇ ಸಹಿ ಹಾಕಿದರು. ಬೇರೆ ದಾರಿ ಇರಲಿಲ್ಲ, ತಮ್ಮ ಎರಡು ಫೇಲುಗಳೂ ಕಂಪ್ಯೂಟರಿನಲ್ಲಿ ದಾಖಲಾಗಿದ್ದವು. ಅತ್ತಿಗೆ ಲಾಂಡ್ರಿಯ ಸ್ವಚ್ಛ ಕಂಬಳಿಗಳ ಕೋಣೆಗೆ ಹೋಗಿ ರ್ಯಾಕುಗಳ ನಡುವೆ ಮೈಕು ಹಿಡಿದು ಹೊಸದಾಗಿ ಹೇಳಿದಳು: “ತಡೆಯಿರಿ. ಹಸಿರು ಗುಂಡಿ ಈಗ ಬೇಡ. ಡ್ರಮ್ ನಿಂತ ಮೇಲೆ ಒತ್ತಿ.” ಸೆಕೆಂಡಪ್ಪ ಮಿನುಗು ತೆಗೆದುಹಾಕಿದ. ಮಾತು ಮುಗಿಯುವವರೆಗೆ ಕ್ಲಿಕ್ಕಿಗೆ ಗುಂಡಿ ಜಗ್ಗದಂತೆ, ಮುಗಿದ ಮೇಲಿನ ಕ್ಲಿಕ್ ಮಾತ್ರ ಲೆಕ್ಕಕ್ಕೆ ಬರುವಂತೆ ಮಾಡಿದ.

“ಹಳೇ ಫೇಲು ಅಳಿಸೋಕೆ ನನಗೆ ಅಧಿಕಾರ ಇಲ್ಲ,” ಎಂದರು ಅಧಿಕಾರಿ. “ಇದು ಕಡೆಯ ಅವಕಾಶವೇ. ಮೊದಲು ಯಾರು ಕೂರ್ತೀರಿ?”

ಯಾರೂ ಕದಲಲಿಲ್ಲ. ಎರಡು ಸಲ ಸುಟ್ಟುಕೊಂಡವರು, ಅದೇ ಧ್ವನಿಯನ್ನು ಮೂರನೇ ಸಲ ನಂಬುವುದು ಹೇಗೆ? ನಾದಿನಿ ಎದ್ದು ಬಂದು ಕುರ್ಚಿಯಲ್ಲಿ ಕೂತಳು. ಎಂಟು ವರ್ಷದ ಸೊಂಟ ನೋವು ಈಗ ತನ್ನ ನಾಲಿಗೆಯ ಮೇಲೆ ಕೂತಿದೆ ಎಂದು ಅತ್ತಿಗೆಗೆ ಅನಿಸಿತು.

ಹದಿನಾಲ್ಕನೇ ಸ್ಲೈಡು ಬಂತು. “ತಡೆಯಿರಿ” ಎಂಬ ಮಾತು ಕಿವಿಗೆ ಬಿದ್ದದ್ದೇ ನಾದಿನಿ ಮೌಸ್ ಬಿಟ್ಟು ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಡ್ರಮ್ ತಿರುಗಿತು, ತಿರುಗಿತು, ನಿಧಾನವಾಯಿತು, ನಿಂತಿತು. ಅವಳು ಒತ್ತಿದಳು.

“ಸರಿಯಾದ ಉತ್ತರ. ನೀವು ಉತ್ತೀರ್ಣರಾಗಿದ್ದೀರಿ.”

ಉಳಿದವರು ಕುರ್ಚಿಗೆ ಮುಗಿಬಿದ್ದರು. ಆ ಗದ್ದಲದಲ್ಲಿ ಅತ್ತಿಗೆ ನಾದಿನಿಯನ್ನು ಪಕ್ಕಕ್ಕೆ ಎಳೆದು ಕೇಳಿದಳು, “ಅಷ್ಟು ಚುರುಕಿನವಳು, ಎರಡನೇ ಸಲವಾದ್ರೂ ಪೂರ್ತಿ ಕೇಳಬಾರದಿತ್ತಾ?”

“ಬೇರೆ ಯಾರದಾದ್ರೂ ಧ್ವನಿ ಆಗಿದ್ರೆ ಕೇಳ್ತಿದ್ದೆ,” ಎಂದಳು ನಾದಿನಿ. “ನೀವು ಹೇಳಿದ್ರಿ ಅಂತ ಮಾಡಿದೆ. ತಪ್ಪು ಅಂದ್ರಿ. ಓಹೋ, ಅತ್ತಿಗೆ ಹೇಳಿದ್ದನ್ನ ತಡವಾಗಿ ಮಾಡಿದ್ನೇನೋ ಅಂತ ಎರಡನೇ ಸಲ ಇನ್ನೂ ಬೇಗ ಒತ್ತಿದೆ.”

ನಾದಿನಿ ಅತ್ತಿಗೆಯ ಕೈ ಹಿಡಿದು ಯಂತ್ರಗಳ ಕಡೆಗೆ ಕರೆದುಕೊಂಡು ಹೋದಳು.