ಪಟ್ಟಿಗೆ ಸೇರದ ಇಸ್ತ್ರಿಪೆಟ್ಟಿಗೆ

ಆ ವರ್ಷ ಮೇ ತಿಂಗಳಲ್ಲಿ ಕೊಡಿಗೇಹಳ್ಳಿಯ ಕಡೆ ದಿನಕ್ಕೆ ಮೂರು ಗಂಟೆ ಕರೆಂಟ್ ಇರುತ್ತಿರಲಿಲ್ಲ. ಯೋಗಾನಂದನ ಟೈಲರ್ ಅಂಗಡಿಗೆ ಒಂದು ಶಾಲೆಯವರು ಇನ್ನೂರು ಯೂನಿಫಾರ್ಮ್ ಹೊಲಿಯಲು ಕೊಟ್ಟಿದ್ದರು. ಹೇಳಿದ ದಿನಕ್ಕೆ ಚೊಕ್ಕವಾಗಿ ಮುಟ್ಟಿಸಿದರೆ ವರ್ಷವರ್ಷವೂ ಆ ಕೆಲಸ ಇವರಿಗೇ. ಹರಿದದ್ದು ಹೊಲಿದುಕೊಂಡೇ ಎಂಟು ವರ್ಷ ಸವೆಸಿದ ಅವನ ಹೆಂಡತಿ ಮಂಜುಶ್ರೀಗೆ ಕಣ್ಣಿಗೆ ಕಂಡ ದಡ ಅದೊಂದೇ.

ಗಂಡಹೆಂಡಿರು ಯಶವಂತಪುರಕ್ಕೆ ಹೋಗಿ ಹಳೆಯ ಡೀಸೆಲ್ ಜನರೇಟರ್ ನೋಡಿಬಂದರು. ಏನು ಹಾಕಿದರೂ ಎಳೆಯುವ ಗಟ್ಟಿಮಾಲು. ಆದರೆ ಗಂಟೆಗೆ ಹತ್ತಿರಹತ್ತಿರ ಒಂದು ಲೀಟರ್ ಕುಡಿಯುತ್ತದೆ, ಇಡಲು ಬಾಗಿಲ ಮುಂದಲ್ಲದೆ ಜಾಗವಿಲ್ಲ, ಮೇಲಿನ ಮನೆಯ ಓನರ್ ಮುನಿಗಂಗಮ್ಮನಿಗೆ ಉಬ್ಬಸ.

"ಆ ಒಗೆ ಮ್ಯಾಲಕ್ ಬಂದ್ರೆ ನನ್ನ ಎತ್ಕಂಡೋಗಕ್ಕೆ ನಾಕ್ ಜನಾನೂ ನೀನೇ ಒಂಚ್ಬೇಕು ಕಣಪ್ಪ" ಎಂದಳು ಮುದುಕಿ. ಸೋಲಾರ್‌ಗಾದರೆ ತಾರಸಿ ಬಿಟ್ಟುಕೊಟ್ಟಳು.

ಸೋಲಾರ್ ಹಾಕುವ ತಾಜುದ್ದೀನ್ ಬಂದು ಏನೇನು ಓಡಬೇಕೆಂದು ಕೇಳಿ ಬರೆದುಕೊಂಡ. ಮೂರು ಮಿಷನ್, ಎರಡು ಟ್ಯೂಬ್‌ಲೈಟ್, ಒಂದು ಫ್ಯಾನ್. ಎಲ್ಲ ಸೇರಿ ನಾನೂರೈವತ್ತು ವ್ಯಾಟ್. ಪರದೆಯ ಹಿಂದೆ ಇಸ್ತ್ರಿ ಮಾಡುತ್ತಿದ್ದ ಮಂಜುಶ್ರೀಗೆ ಗಂಡ "ಅಷ್ಟೇ" ಎಂದದ್ದು ಕೇಳಿಸಿತು. ಗೊತ್ತಿರುವವರು ಮಾತಾಡುತ್ತಿದ್ದಾರೆ, ತನಗೇಕೆ ಎಂದು ಸುಮ್ಮನಾದಳು.

ಎರಡು ಪ್ಯಾನೆಲ್ಲು, ಒಂದು ಬ್ಯಾಟರಿ, ಅಷ್ಟಕ್ಕೇ ತಕ್ಕ ಇನ್ವರ್ಟರ್ ಬಂದವು. ಕರೆಂಟ್ ಹೋದರೂ ಮಿಷನ್ ನಿಲ್ಲಲಿಲ್ಲ, ಸದ್ದಿಲ್ಲ, ಹೊಗೆಯಿಲ್ಲ. ಇಸ್ತ್ರಿಯನ್ನು ಮಂಜುಶ್ರೀ ಕರೆಂಟ್ ಬಂದಾಗ ಮಾಡಿಕೊಳ್ಳುತ್ತಿದ್ದಳು.

ಬಟ್ಟೆ ಕೊಡಬೇಕಾದ ದಿನ ಬೆಳಗಿನಿಂದಲೇ ಲೈನ್ ರಿಪೇರಿ. ಎಂಬತ್ತು ಬಿಳಿ ಶರ್ಟು ಮುದ್ದೆಯಾಗಿ ಬಿದ್ದಿದ್ದವು. ಅವಳು ಪೆಟ್ಟಿಗೆಯನ್ನು ಸೋಲಾರಿನ ಪ್ಲಗ್ಗಿಗೆ ಸಿಕ್ಕಿಸಿದಳು. ಇನ್ವರ್ಟರ್ ಕೀಂ ಎಂದಿತು, ಎಲ್ಲವೂ ಆರಿತು.

ತಾಜುದ್ದೀನ್ ಫೋನಿನಲ್ಲಿ ಬೈಯಲಿಲ್ಲ. "ಇಸ್ತ್ರಿಪೆಟ್ಟಿಗೆ ಒಂದೇ ಸಾವಿರ ವ್ಯಾಟ್ ಅಣ್ಣ, ಪಟ್ಟೀಲಿ ಹೇಳ್ಲೇ ಇಲ್ವಲ್ಲ ನೀವು. ದೊಡ್ಡ ಇನ್ವರ್ಟರ್ ಹಾಕಿದ್ರೂ ಮುಕ್ಕಾಲು ಗಂಟೇಲಿ ಈ ಬ್ಯಾಟರಿ ಮಲಗುತ್ತೆ."

ಯೋಗಾನಂದ ಪರದೆಯನ್ನೇ ನೋಡಿದ. "ನೀನು ಒಳಗಿದ್ಯಲ್ಲ... ಮರ್ತೇಬಿಟ್ಟೆ ಕಣೇ."

ಅವಳು ಪ್ಲಗ್ ಕಿತ್ತಾಗ ಉಳಿದವೆಲ್ಲ ಮತ್ತೆ ಓಡಿದವು. ಬೀದಿಯ ಇಸ್ತ್ರಿ ಗಾಡಿಯಿಂದ ಇದ್ದಿಲ ಪೆಟ್ಟಿಗೆ ಕೇಳಿ ತಂದಳು. ಮೂವತ್ತು ಶರ್ಟಾಗುವಷ್ಟರಲ್ಲಿ ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ಗಂಡನಿಗೆ ಮನಸ್ಸು ತಡೆಯಲಿಲ್ಲ. ಪರದೆ ಸರಿಸಿ, ಸೋಲಾರಿನ ಫ್ಯಾನನ್ನು ಅವಳ ಕಡೆ ತಿರುಗಿಸಿ ಹಾಕಿದ. ಪೆಟ್ಟಿಗೆಯ ಕಂಡಿಗಳಿಂದ ಬೂದಿ ಎದ್ದು, ಮಡಿಸಿಟ್ಟ ಬಿಳಿಯ ಮೇಲೆಲ್ಲ ಕೂತಿತು. ಅವಳು ಗಾಬರಿಯಲ್ಲಿ ಒರೆಸಿದಳು. ಒರೆಸಿದಲ್ಲೆಲ್ಲ ಬೂದುಗೆರೆ ಮೂಡಿತು.

ನಾಲ್ಕಕ್ಕೆ ಶಾಲೆಯವರು ಬಂದರು. ಒಂದು ಕಾಲರನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ, ಚೊಕ್ಕವಾಗಿದ್ದವನ್ನಷ್ಟೇ ಆರಿಸಿ ಆಟೋಗೆ ಹಾಕಿಸಿದರು. ಉಳಿದವನ್ನು ಒಗೆದು ಕಳಿಸುತ್ತೇವೆಂದು ಯೋಗಾನಂದ ಹೇಳುತ್ತಲೇ ಇದ್ದ. ಮುಂದಿನ ವರ್ಷದ ಮಾತನ್ನು ಅವರು ಎತ್ತಲೇ ಇಲ್ಲ.

ಆಟೋ ಹೋದ ಮೇಲೂ ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಮಂಜುಶ್ರೀ ಎದ್ದು ಅದನ್ನು ಆರಿಸಿ, ಉಳಿದ ಶರ್ಟುಗಳನ್ನು ಬಕೆಟ್ಟಿಗೆ ಹಾಕಿದಳು.