ಏಳು ದಿನದ ಸಂಬಳ

ಬಾಬುರಾಯನಕೊಪ್ಪಲಿನ ಆಚೆಗಿದ್ದ ಗಾರ್ಮೆಂಟ್ಸಿನಲ್ಲಿ ಮಾಯಮ್ಮ ನಾಲ್ಕು ವರ್ಷದಿಂದ ಹೊಲಿಯುತ್ತಿದ್ದಳು. ಆಗಸ್ಟ್ ಏಳಕ್ಕೆ ಬ್ಯಾಂಕಿಗೆ ಬಿದ್ದ ಸಂಬಳದಲ್ಲಿ ಮೂರು ಸಾವಿರದಷ್ಟು ಕಮ್ಮಿ ಇತ್ತು. ಮಗಳು ಪವಿತ್ರಳ ನರ್ಸಿಂಗ್ ಪರೀಕ್ಷೆಯ ಫೀಸಿಗೆಂದು ಎಣಿಸಿಟ್ಟುಕೊಂಡಿದ್ದ ದುಡ್ಡೇ ಅದು. ದಂಡ ಸೇರಿಸಿ ಕಟ್ಟುತ್ತೇನೆಂದರೂ ಸೆಪ್ಟೆಂಬರ್ ಹದಿನೈದೇ ಕೊನೆ. ಮಹಿಳಾ ಸಂಘದ ಹಳೇ ಸಾಲ ತೀರದೆ ಹೊಸದು ಕೊಡುವುದಿಲ್ಲವೆಂದು ಸಂಘ ನಡೆಸುವ ಬೈರಮ್ಮ ಮುಖ ತಿರುಗಿಸಿದ್ದಳು.

ಮಾಯಮ್ಮ ನೋಟುಪುಸ್ತಕದ ಹಾಳೆ ಹರಿದು ತಾನೇ ಬರೆದಳು: 'ಸ್ವಾಮಿ, ನನ್ನ ಸಂಬಳದಲ್ಲಿ ಸ್ವಲ್ಪ ಕಮ್ಮಿ ಬಂದಿದೆ. ಬಡವಳು. ದಯವಿಟ್ಟು ಸರಿಯಾಗಿ ನೋಡಿ ಕೊಡಿ.' ಹೆಸರು ಬರೆದು ಸಂಬಳದ ವಿಭಾಗದ ದೂರಿನ ಡಬ್ಬಿಗೆ ಹಾಕಿದಳು.

ಆ ವಿಭಾಗದ ರಾಘವ ಶ್ರೀರಂಗಪಟ್ಟಣದವನು, ಬಾಯಿ ಚುರುಕು. ಸಾವಿರದ ನಾನೂರು ಜನರ ಲೆಕ್ಕ ಅವನ ತಲೆ ಮೇಲೆ. ವಾರ ಕಳೆದು ಮಾಯಮ್ಮ ಕಿಟಕಿಗೆ ಹೋದಾಗ ಅವನು ಆ ಹಾಳೆಯನ್ನು ಎತ್ತಿ ಹಿಡಿದು ಪಕ್ಕದ ಅರ್ಚನಳಿಗೆ ಓದಿದ.

"'ಸ್ವಲ್ಪ' ಅಂತೆ. ಎಷ್ಟು ಅರ್ಚನ, ಚಮಚದಲ್ಲೋ ಬಟ್ಟಲಲ್ಲೋ?"

ಒಳಗಿದ್ದವರೆಲ್ಲ ನಕ್ಕರು. ಮಾಯಮ್ಮನೂ ನಕ್ಕಳು.

"ಪಿಎಫ್ ಹಿಡಿದಿರ್ತಾರೆ, ಇಎಸ್‌ಐ ಹಿಡಿದಿರ್ತಾರೆ, ಅದೇ ನಿನ್ನ ಸ್ವಲ್ಪ. ಹೋಗಮ್ಮ." ಚೀಟಿಯ ಮೇಲೆ ಮುಗಿದಿದೆ ಎಂದು ಬರೆದು, ದೂರಿನ ನಂಬರು ಹಾಕಿ ಕೊಟ್ಟ. ಮಾಯಮ್ಮ ಅದನ್ನು ಮಡಚಿ ಕುಪ್ಪಸಕ್ಕೆ ಸಿಕ್ಕಿಸಿದಳು. ಬಟ್ಟೆ ಒಗೆಯುವಾಗ ಅದು ಕರಗಿ ಹೋಯಿತು.

ಮುಂದಿನ ತಿಂಗಳ ಸಂಬಳ ಪೂರ್ತಿ ಬಂತು, ಹಳೆಯ ಬಾಕಿ ಬರಲಿಲ್ಲ. ಸೆಪ್ಟೆಂಬರ್ ಒಂಬತ್ತಕ್ಕೆ ಅವಳು ಇನ್ನೊಂದು ಚೀಟಿ ಹಾಕಿದಳು: 'ಗೌರಿ ಹಬ್ಬದ ತಿಂಗಳ ಸಂಬಳ ಕಮ್ಮಿ ಬಂದಿದೆ.' ಅವಳು ಹೇಳಿದ್ದು ಹಬ್ಬದ ತಿಂಗಳಲ್ಲಿ ಕೈಗೆ ಬಂದ, ಜುಲೈ ದುಡಿಮೆಯ ಸಂಬಳ. ರಾಘವನಿಗೆ ಗೌರಿ ಹಬ್ಬದ ತಿಂಗಳ ಸಂಬಳವೆಂದರೆ ಆಗಸ್ಟಿನ ದುಡಿಮೆಯದು. ಹಿಂದಿನ ದೂರಿನ ನಂಬರನ್ನೂ ಅವಳು ಬರೆದಿರಲಿಲ್ಲವಾದ್ದರಿಂದ ಅವನು ಹೊಸ ದೂರೆಂದೇ ದಾಖಲಿಸಿ, ಆಗಸ್ಟಿನ ಹಾಜರಿ ತೆಗೆದು ನೋಡಿದ. ಒಂದು ದಿನವೂ ಕಮ್ಮಿಯಿರಲಿಲ್ಲ.

ಹದಿಮೂರಕ್ಕೆ ಉತ್ತರ ಬಂತು: ಹಾಜರಿ ಪೂರ್ಣ, ಸಂಬಳ ಸರಿ, ಮುಗಿದಿದೆ. ಮಾಯಮ್ಮ ಕಿಟಕಿಗೆ ಓಡಿದಳು.

"ಸಾ, ಬಂದಿಲ್ಲ ಸಾ. ಮಗಿನ ಫೀಸು ಸಾ, ನಾಳಿದ್ದೇ ಕಡೆ."

"ದುಡ್ಡು ಬಂದಿದೆ ಅಂತ ಕಂಪ್ಯೂಟರ್ ಹೇಳ್ತಿದೆ. ಅತ್ತು ತೋರಿಸಿದ್ರೆ ಅದಕ್ಕೆ ಕಣ್ಣಿದ್ಯಾ?"

ಹದಿನೈದು ಕಳೆಯಿತು.

ಹದಿನಾರರ ಬೆಳಿಗ್ಗೆ ಪಾಂಡವಪುರದ ಬಸ್ಸಿನಲ್ಲಿ ಪಕ್ಕ ಕೂತ, ಜೊತೆಗೆ ಹೊಲಿಯುವ ಪ್ರಮೀಳಾ ಹೊಸ ಕಿವಿಯೋಲೆ ತೋರಿಸಿದಳು. "ಜುಲೈದು ಏಳು ದಿನದ ದುಡ್ಡು ಬಿಟ್ಟಿದ್ರಲ್ಲ ಮಾಯಕ್ಕ, ಅದು ಬಂತು, ಅದ್ರಲ್ಲೇ ತಗಂಡೆ."

ಮಾಯಮ್ಮ ಅವಳತ್ತ ತಿರುಗಿದಳು. "ನಿಂಗ್ ಕೊಟ್ರಾ? ಯಾವಾಗ್ಲೇ?"

"ಓದ್ ತಿಂಗ್ಳೇ. ನಮ್ಮಿಬ್ರುನ್ನೂ ಪ್ಯಾಕಿಂಗ್‌ಗೆ ಆಕಿದ್ರಲ್ಲ, ಅಲ್ಲಿ ಪುಸ್ತಕದಾಗೆ ಹಾಜರಿ ಬರ್ಕಂಡಿದ್ರು, ಕಂಪ್ಯೂಟರ್‌ಗೆ ಏರ್ಸಿಲ್ಲ. ಟೋಕನ್ ನಂಬ್ರು, ತಾರೀಕು, ಸ್ಲಿಪ್ಪಲ್ಲಿ ಎಷ್ಟು ದಿನ ಅದೆ, ಎಷ್ಟಿರ್ಬೇಕಿತ್ತು, ಅಷ್ಟೇ ಬರ್ದೆ."

"ನಂಗ್ಯಾಕ್ ಯೋಳ್ಲಿಲ್ಲ?"

"ನೀನ್ ಕೇಳ್ದ್ಯಾ? ನಿಂದೂ ಬಂದದೆ ಅನ್ಕಂಡೆ ಕಣಕ್ಕ."

ಊಟದ ಹೊತ್ತಿನಲ್ಲಿ ಪ್ರಮೀಳಾ ಹೇಳಿದಂತೆ ಮಾಯಮ್ಮ ಬರೆದಳು. 'ಟೋಕನ್ 1184. ಜುಲೈ ಸ್ಲಿಪ್ಪಿನಲ್ಲಿ 20 ದಿನ ಇದೆ, ದುಡಿದದ್ದು 27. ಜುಲೈ 14ರಿಂದ 21, ಭಾನುವಾರ ಬಿಟ್ಟು 7 ದಿನ ಪ್ಯಾಕಿಂಗ್‌ನಲ್ಲಿದ್ದೆ, ಅಲ್ಲಿಯ ಹಾಜರಿ ಪುಸ್ತಕದಲ್ಲಿ ಸಹಿ ಇದೆ. ದಿನಕ್ಕೆ 510ರಂತೆ 3,570 ಬಾಕಿ.' ಜೊತೆಗೆ ಸ್ಲಿಪ್ಪನ್ನೂ ಇಟ್ಟಳು.

ರಾಘವ ಈ ಸಲ ನಗಲಿಲ್ಲ. ಪ್ಯಾಕಿಂಗಿನ ಪುಸ್ತಕ ತರಿಸಿ ಬೆರಳಿಟ್ಟು ಏಳು ಸಹಿ ಎಣಿಸಿದ, ಟೋಕನ್ ನಂಬರು ಒತ್ತಿದ, ತಲೆದೂಗಿದ.

"ಪಿಎಫ್ 428, ಇಎಸ್‌ಐ 27 ಹಿಡಿದು 3,115 ಬರುತ್ತೆ. ನಾಡಿದ್ದು ಬ್ಯಾಂಕಿಗೆ ಬೀಳುತ್ತೆ." ಗಡಿಯಾರ ನೋಡಿದ. "ನಾಲ್ಕೇ ನಿಮಿಷದ ಕೆಲಸ! ಇಂಗೆ ಬರ್ದಿದ್ರೆ ಆವತ್ತೇ ಆಗ್ತಿತ್ತಲ್ಲಮ್ಮ."

ಅವಳ ಮಾತಿನ ಧಾಟಿಯನ್ನೇ ಅಣಕಿಸಿದ್ದ. ಅರ್ಚನ ಬಾಯಿಗೆ ಕೈ ಅಡ್ಡ ಹಿಡಿದಳು.

"ಆವತ್ತು ನೀವ್ ಕೇಳ್ಬೋದಿತ್ತಲ್ಲ ಸಾ, ಯಾವ್ ತಾರೀಕು ಅಂತ."

"ಎಲ್ಲರನ್ನೂ ಕೇಳ್ಕೊಂಡು ಕೂತರೆ ಸಂಬಳ ಮಾಡೋರು ಯಾರು? ನೆಕ್ಸ್ಟ್."

ಹದಿನೆಂಟಕ್ಕೆ ದುಡ್ಡು ಬಂತು, ಒಂದು ರೂಪಾಯಿ ಆಚೀಚೆ ಇಲ್ಲ. ಮಾಯಮ್ಮ ಅದನ್ನು ಹಿಡಿದುಕೊಂಡು ಕೆ.ಆರ್.ಪೇಟೆಯ ಕಾಲೇಜಿಗೆ ಹೋದಳು. ಗುಮಾಸ್ತ ಕೆಟ್ಟವನೇನಲ್ಲ. ಫೀಸು ಕಟ್ಟುವ ಪುಟವನ್ನು ಕಂಪ್ಯೂಟರಿನಲ್ಲಿ ತೆರೆದು ತೋರಿಸಿದ. ಹದಿನೈದರ ನಂತರ ಅದು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಇನ್ನೇನಿದ್ದರೂ ಮುಂದಿನ ವರ್ಷ.

ಪವಿತ್ರ ಮೂರು ದಿನ ಅವ್ವನ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ತಲೆ ಬಾಚಿಕೊಂಡು, ಅವ್ವ ಗಾರ್ಮೆಂಟ್ಸಿಗೆ ಹೋಗುವ ಅದೇ ಬಸ್ಸು ಹತ್ತಿದಳು. ವರ್ಷವಿಡೀ ಮನೆಯಲ್ಲಿ ಕೂತು ಏನು ಮಾಡುವುದು?

ಕಿಟಕಿಯಲ್ಲಿ ರಾಘವ ಅವಳ ಆಧಾರ್ ಕಾರ್ಡು ಇಸಿದುಕೊಂಡ, ಟೋಕನ್ ಕೊಟ್ಟ. 1437.

"ಮಾಯಮ್ಮನ ಮಗಳಾ? ನಂಬರು ಬರ್ಕೊಳಮ್ಮ. ನಿಮ್ಮವ್ವನ ತರ ಸ್ವಲ್ಪ ಸ್ವಲ್ಪ ಅಂತ ಬರಬೇಡ."

ಪವಿತ್ರ ಅವನನ್ನೇ ನೋಡುತ್ತ ಪೆನ್ನು ತೆಗೆದಳು. "ನಿಮ್ದೇನ್ ಸಾ ಹೆಸ್ರು? ಪೂರ್ತಿ ಯೋಳಿ. ತಾರೀಕು, ಟೈಮು ಬರ್ಕಂಡೆ."

ಅವನು ನಕ್ಕು ಹೆಸರು ಹೇಳಿದ. ಹಿಂದೆ ನಿಂತಿದ್ದ ಮಾಯಮ್ಮ ಮಗಳ ಭುಜ ಮುಟ್ಟಲು ಹೋದಳು. ಪವಿತ್ರ ಸರಿದುಕೊಂಡು ಮೆಷಿನ್ನಿನ ಸಾಲಿನತ್ತ ನಡೆದಳು.