ಮನೆಯವನಿಗೆ ಬೇಡದ ಎಂಬಿಎ

ಗಂಗಾಲಕ್ಷ್ಮಿಗೆ ಸಿಟ್ಟು ಬಂದರೆ ಬಾಯ್ಲರ್ ಕೂಡ ತಾನಾಗಿಯೇ ಪ್ರೆಶರ್ ಇಳಿಸಿಕೊಳ್ಳುತ್ತದೆ ಎಂದು ಶ್ರೀನಿವಾಸಪುರದ ಆ ಮಾವಿನ ಪಲ್ಪ್ ಫ್ಯಾಕ್ಟರಿಯಲ್ಲಿ ಹೆಂಗಸರು ಆಡಿಕೊಳ್ಳುತ್ತಿದ್ದರು. ಹದಿನಾರು ಸೀಸನ್ನು ಅಲ್ಲಿ ದುಡಿದು ಪ್ರೊಡಕ್ಷನ್ ಮ್ಯಾನೇಜರ್ ಆದವಳು. ಜನರಲ್ ಮ್ಯಾನೇಜರ್ ನಿವೃತ್ತರಾಗಿ ಅವರ ಕುರ್ಚಿ ಖಾಲಿ ಬಿದ್ದಿತ್ತು. ಅದು ತನ್ನದೇ ಎಂದು ಅವಳು ನಂಬಿದ್ದಳು, ಬಾಯಿಬಿಟ್ಟು ಕೇಳಿಯೂ ಇದ್ದಳು.

ಮಾಲೀಕ ಮುರಳಿಮೋಹನ್ ಇಲ್ಲ ಎನ್ನಲಿಲ್ಲ. ಇಲ್ಲ ಅನ್ನುವುದನ್ನು ಹೌದು ಎಂಬಂತೆ ಹೇಳುವ ವಿದ್ಯೆ ಅವನಿಗೆ ಚೆನ್ನಾಗಿ ಬರುತ್ತಿತ್ತು. ಆ ಕುರ್ಚಿಗೆ ಎಂಬಿಎ ಆದವರು ಬೇಕು, ಬೆಂಗಳೂರಿನಲ್ಲಿ ಶನಿವಾರ ಭಾನುವಾರದ ಕ್ಲಾಸಿದೆ, ಫೀಸು ಕಂಪನಿಯದೇ ಎಂದ. ಓದು ಎರಡು ವರ್ಷ. ಆಮೇಲೆ ಮೂರು ವರ್ಷ ಬಿಟ್ಟು ಹೋಗಬಾರದೆಂಬ ಬಾಂಡ್. ಇದನ್ನೇ ಊಟದ ಹೊತ್ತಿನಲ್ಲಿ ಎಲ್ಲರೆದುರು ಹೇಳಿ ಚಪ್ಪಾಳೆಯನ್ನೂ ಹೊಡೆಸಿದ. ಲ್ಯಾಬಿನ ಅನಿತ ಸಂಜೆ ಅವನಂತೆಯೇ ಕತ್ತು ವಾಲಿಸಿ, ಕನ್ನಡದ ನಡುವೆ "ಚೂಡಮ್ಮಾ" ಎಂದು ತೆಲುಗು ಎಳೆದು ಅಣಕಿಸಿದಾಗ ಎಲ್ಲರೂ ನಕ್ಕರು. ಗಂಗಾಲಕ್ಷ್ಮಿ ನಗಲಿಲ್ಲ.

ಅವಳ ಗಂಡ ಕದಿರೇಶ್ ಮಾಲೂರಿನ ಬಿಡಿಭಾಗಗಳ ಕಾರ್ಖಾನೆಯಲ್ಲಿ ಸೂಪರ್‌ವೈಸರ್. ಅಕ್ಷರಗಳನ್ನು ಕಂಡರೆ ತಿರುಚದೆ ಬಿಡುವವನಲ್ಲ.

"ಎಂಬಿಎ ಅಂದ್ರೆ ಎಂದೂ ಬಿಚ್ಚದ ಎತ್ತು ಕಣೇ," ಎಂದ.

ಆಮೇಲೆ ಗಂಭೀರನಾದ. ಅವನ ಜೊತೆ ಕೆಲಸಕ್ಕಿದ್ದ ಕಾಂತರಾಜ್ ಕೂಡ ನಲವತ್ತರ ಹತ್ತಿರ ಎಂಬಿಎ ಮಾಡಿದ್ದ. ಮೆಷಿನ್ ಬಿಟ್ಟು ಬೇರೆ ಕಂಪನಿಯ ಮಾರಾಟ ವಿಭಾಗಕ್ಕೆ ಹೋಗಬೇಕಿತ್ತು, ಅಲ್ಲಿ ಅವನ ಕೆಲಸ ನೋಡಿದವರು ಯಾರೂ ಇರಲಿಲ್ಲ, ಡಿಗ್ರಿಯಿಂದಲೇ ಬಾಗಿಲು ತೆರೆಯಿತು.

"ನಿನ್ನನ್ನ ಈ ಮನುಷ್ಯ ಹದಿನಾರು ವರ್ಷದಿಂದ ನೋಡ್ತಾವ್ನೆ. ಗೊತ್ತಿಲ್ದೋನು ಡಿಗ್ರಿ ಕೇಳಿದ್ರೆ ಅದು ನ್ಯಾಯ. ಗೊತ್ತಿರೋನು ಕೇಳಿದ್ರೆ?"

ಆ ರಾತ್ರಿ ಗಂಗಾಲಕ್ಷ್ಮಿ ತನ್ನನ್ನೂ ಬಿಡದೆ ತೂಗಿ ನೋಡಿಕೊಂಡಳು. ಹಣ್ಣು, ಲೈನು, ಆಳುಕಾಳು, ವಾಪಸ್ ಕಳಿಸಬೇಕಾದ ಲೋಡು, ಇದರಲ್ಲಿ ಯಾವ ಕಾಲೇಜೂ ಅವಳಿಗೆ ಕಲಿಸುವುದೇನೂ ಇರಲಿಲ್ಲ. ಆದರೆ ಹಣ್ಣು ಕೊಳ್ಳಲು ಬ್ಯಾಂಕಿನಿಂದ ಎಷ್ಟು ಸಾಲದ ಲಿಮಿಟ್ ಕೇಳಬೇಕು, ಡಾಲರ್ ಏರಿಳಿಯುವಾಗ ಹೊರದೇಶದವರಿಗೆ ಎಷ್ಟು ರೇಟು ಹೇಳಬೇಕು ಎಂಬುದು ಅವಳಿಗೆ ತಿಳಿಯದು. ತಿಳಿಯುವುದಾದರೂ ಹೇಗೆ? ಆ ಮಾತುಕತೆಗಳಿಗೆ ಅವಳನ್ನು ಒಮ್ಮೆಯೂ ಕರೆದಿರಲಿಲ್ಲ. ಆಡಿಟರ್ ಪಕ್ಕದಲ್ಲಿ ಒಂದು ಸೀಸನ್ನು ಕೂತರೆ ಬರುವ ವಿದ್ಯೆಗೆ ಐದು ವರ್ಷದ ಹಗ್ಗ ಯಾಕೆ?

ಬೆಳಿಗ್ಗೆ ಬಾಂಡಿನ ಕಾಗದ ಹಿಡಿದು ಕ್ಯಾಬಿನ್ನಿಗೆ ಹೋದಳು. ಅಲ್ಲಿ ಮಾಲೀಕನ ಅಳಿಯ ಭೀಮರಾಜ್ ಸೋಫಾದಲ್ಲಿ ಫೋನು ಉಜ್ಜುತ್ತ ಕೂತಿದ್ದ.

"ಸಾರ್, ಓದಿ ಬಂದ್ರೆ ಆ ಪೋಸ್ಟು ನಂದೇನಾ?"

"ಅದೆಲ್ಲ ಆವಾಗ ನೋಡೋಣ ಗಂಗಮ್ಮ."

"ಅಲ್ಲಿವರೆಗೂ ಆ ಕೆಲಸ ಯಾರು ನೋಡ್ಕೋತಾರೆ?"

ಮುರಳಿಮೋಹನ್ ಸೋಫಾದ ಕಡೆ ಕತ್ತು ತಿರುಗಿಸಿ ತೋರಿಸಿದ.

"ಇವರಿಗೆ ಎಂಬಿಎ ಆಗಿದೆಯಾ?"

"ಅವನು ಮನೆಯವನಮ್ಮ," ಎಂದ ಮುರಳಿಮೋಹನ್, ಅದೂ ಒಂದು ಡಿಗ್ರಿ ಎಂಬಂತೆ.

ಅವಳ ಕಿವಿಯ ತುದಿ ಕಾದಿತು. ಆದರೂ ದನಿ ಏರಿಸದೆ ಕೊನೆಯ ಸಲ ಕೇಳಿದಳು: ಡಿಗ್ರಿ ಬೇಡ, ಫೀಸೂ ಬೇಡ. ಈ ಸೀಸನ್ನಿನಲ್ಲಿ ಬ್ಯಾಂಕಿನವರ ಜೊತೆ, ಖರೀದಿದಾರರ ಜೊತೆ ಮಾತಾಡುವಾಗ ತನ್ನನ್ನೂ ಕೂರಿಸಿಕೊಳ್ಳಲಿ. ಹಣ್ಣು ಮುಗಿದ ಮೇಲೆ ತನಗೆ ಯೋಗ್ಯತೆ ಇದೆಯೋ ಇಲ್ಲವೋ ಅವರೇ ಹೇಳಲಿ.

ಮುರಳಿಮೋಹನ್ ಅಳಿಯನನ್ನು ನೋಡಿದ, ಗೋಡೆ ನೋಡಿದ, ಕೊನೆಗೆ ಕಾಗದದ ಮೇಲೆ ಪೆನ್ನಿಟ್ಟ. "ಫಸ್ಟು ಓದಮ್ಮ. ಒಳ್ಳೇದಕ್ಕೇ ಹೇಳ್ತಿದೀನಿ."

ಅವಳು ಪೆನ್ನು ಮುಟ್ಟಲಿಲ್ಲ. "ಕೆಲಸ ಬಿಡ್ತಿದೀನಿ ಸಾರ್. ನೋಟಿಸಿನ ಎರಡು ತಿಂಗಳು ಬರ್ತೀನಿ."

"ಸೀಸನ್ ಎದುರಿಗಿಟ್ಕೊಂಡು ಹಿಂಗೆ ಮಾಡೋದಾ?"

"ಮನೆಯವರು ಇದಾರಲ್ಲ. ಲೈನು ನಾನೇ ತೋರಿಸ್ಕೊಡ್ತೀನಿ, ನಾಳೆ ಬೆಳಿಗ್ಗೆ ಐದಕ್ಕೆ ಗಂಬೂಟು ಹಾಕ್ಕೊಂಡು ಬರಕ್ಕೆ ಹೇಳಿ."

ಭೀಮರಾಜ್ ಮೊದಲ ಸಲ ಫೋನಿನಿಂದ ತಲೆ ಎತ್ತಿದ.

ಸಂಜೆ ಸುದ್ದಿ ಕೇಳಿದ ಕದಿರೇಶ್, ಮುಂದೇನು ಎಂದ. ಮುಳಬಾಗಿಲು ಕಡೆ, ಇಲ್ಲ ಗಡಿ ದಾಟಿ ಚಿತ್ತೂರಿನ ಫ್ಯಾಕ್ಟರಿಗಳಲ್ಲಿ ಕೇಳುತ್ತೇನೆ ಎಂದಳು. ಹೇಳುತ್ತಲೇ ಸೊಪ್ಪಿನ ಕಟ್ಟು ಬಿಚ್ಚಿ ಬಿಡಿಸತೊಡಗಿದಳು.

"ಅಲ್ಲಿ ನನ್ನನ್ನ ಕಂಡೋರು ಯಾರಿದಾರೆ? ಬಾಗಿಲಲ್ಲೇ ಡಿಗ್ರಿ ಕೇಳ್ತಾರೆ. ಈಗ ಬೇಕಾಯ್ತು ನೋಡಿ ರೀ, ಆ ಹಾಳು ಎಂಬಿಎ."

ಕದಿರೇಶನ ಬಾಯಿಗೆ ಎಂಬಿಎಯ ಇನ್ನೊಂದು ಹೊಸ ಅರ್ಥ ಬಂತು. ಅವಳ ಮುಖ ನೋಡಿ ನುಂಗಿಕೊಂಡ.

"ಓದ್ತೀನಿ," ಎಂದಳು ಅವಳು, ಒಂದು ದಂಟನ್ನು ಲಟಕ್ಕನೆ ಮುರಿದು. "ನಮ್ಮ ದುಡ್ಡಲ್ಲಿ."